ಮಳೆ ಬಂದರೆ ಸಾಲದು, ಗಾಳಿ ತಿರುಗಬೇಕು

2025ರಲ್ಲಿ ಮಳೆಗಾಲ ಪತ್ತನಾಜೆಯ ಹೊತ್ತಿಗೇ ಬಂತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನಗಳವು. ಮೇ 24ರಂದು ಭಾರತೀಯ ಹವಾಮಾನ ಇಲಾಖೆ ಕೇರಳಕ್ಕೆ ಮುಂಗಾರು ಪ್ರವೇಶಿಸಿತು ಎಂದು ಘೋಷಿಸಿತು. ಮಾಮೂಲಿ ದಿನ ಜೂನ್ 1. ಎಂಟು ದಿನ ಮೊದಲೇ ಬಂದ ಮಳೆಯಿಂದಾಗಿ, ಮೇ ಕೊನೆಯ ವಾರದಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡಬಹುದು ಎಂದುಕೊಂಡವರಿಗೆ ಬಿಡುವೇ ಸಿಗಲಿಲ್ಲ. ಅಷ್ಟು ಅವಸರದಲ್ಲಿ ಬಂದ ಮುಂಗಾರು ಮೇ 26ಕ್ಕೆ ಮುಂಬೈ ಮುಟ್ಟಿ, ಮೇ 29ರ ಬಳಿಕ ನಿಂತುಬಿಟ್ಟಿತು. ಜೂನ್ ಮಧ್ಯದವರೆಗೆ ಅದು ಮುಂದೆ ಕದಲಲಿಲ್ಲ. ಎರಡು ವರ್ಷ ಹಿಂದೆ, 2023ರಲ್ಲಿ, ಇದೇ ಘೋಷಣೆಗೆ ಜೂನ್ 8ರವರೆಗೆ ಕಾಯಬೇಕಾಗಿತ್ತು.

ಹಾಗಾದರೆ ಮಳೆಗಾಲ ಶುರುವಾಯಿತು ಎಂದು ಇಲಾಖೆ ಯಾವುದನ್ನು ನೋಡಿ ಹೇಳುತ್ತದೆ? ಇದರ ಉತ್ತರದ ಒಂದು ತುಂಡು ಕಾಸರಗೋಡಿನಲ್ಲೇ ಇದೆ. ಘೋಷಣೆಗೆ ಆಧಾರವಾಗುವ 14 ಮಳೆಮಾಪನ ಕೇಂದ್ರಗಳಲ್ಲಿ ಕೂಡ್ಲು ಒಂದು. ಮಿನಿಕಾಯ್, ಅಮಿನಿ ದ್ವೀಪಗಳಿಂದ ಹಿಡಿದು ತಿರುವನಂತಪುರ, ಕೊಚ್ಚಿ, ಕಲ್ಲಿಕೋಟೆ, ತಲಶ್ಶೇರಿ, ಕಣ್ಣೂರು ದಾಟಿ ಬರುವ ಪಟ್ಟಿಯಲ್ಲಿ ಕೂಡ್ಲು ಹದಿಮೂರನೆಯದು, ಮಂಗಳೂರು ಕೊನೆಯದು. ಮೇ 10ರ ನಂತರ ಇವುಗಳಲ್ಲಿ ಶೇಕಡಾ 60ರಷ್ಟು, ಅಂದರೆ ಕನಿಷ್ಠ ಒಂಬತ್ತು ಕೇಂದ್ರಗಳಲ್ಲಿ, ಸತತ ಎರಡು ದಿನ 2.5 ಮಿಲಿಮೀಟರಾದರೂ ಮಳೆ ಬಿದ್ದಿರಬೇಕು.

2.5 ಮಿಲಿಮೀಟರ್ ಎಂದರೆ ನಮ್ಮ ಕಡೆ ಮಳೆಯೇ ಅಲ್ಲ, ಅಂಗಳ ಒದ್ದೆಯಾದರೆ ಹೆಚ್ಚು. ಇಷ್ಟು ಸಣ್ಣ ಅಳತೆ ಸಾಕಾಗುವುದು ಜೊತೆಗೆ ಇನ್ನೆರಡು ಷರತ್ತುಗಳು ಇರುವುದರಿಂದ. ಒಂದು, ಕೇರಳದ ತೆಂಕು ಮತ್ತು ಪಡುವಣ ಕಡಲಿನ ಮೇಲೆ ಪಡುಗಾಳಿ ನಾಲ್ಕು ಕಿಲೋಮೀಟರಿಗೂ ಮೇಲಿನವರೆಗೆ ದಪ್ಪವಾಗಿ ಹರಿಯುತ್ತಿರಬೇಕು. ಕೆಳಗೆ, ಮುಕ್ಕಾಲು ಕಿಲೋಮೀಟರ್ ಎತ್ತರದಲ್ಲಿ, ಅದರ ವೇಗ 15ರಿಂದ 20 ನಾಟ್, ಅಂದರೆ ಗಂಟೆಗೆ ಸುಮಾರು 28ರಿಂದ 37 ಕಿಲೋಮೀಟರ್ ಇರಬೇಕು. ಇನ್ನೊಂದು, ಆ ಕಡಲಿನಿಂದ ಆಕಾಶಕ್ಕೆ ಹೊರಟು ಉಪಗ್ರಹಕ್ಕೆ ಕಾಣುವ ಶಾಖ ಚದರ ಮೀಟರಿಗೆ 200 ವಾಟ್‌ಗಿಂತ ಕೆಳಗಿಳಿದಿರಬೇಕು. ಮಳೆ, ಗಾಳಿ, ಮೋಡ ಮೂರೂ ಕೂಡಿದರೆ ಮಾತ್ರ ಘೋಷಣೆ. ಮಾನ್ಸೂನ್ ಏಕೆ ಉಂಟಾಗುತ್ತದೆ ಎಂಬುದನ್ನು ಈ ಷರತ್ತುಗಳ ಹಿಂದೆಯೇ ಹೋಗಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಶಾಲೆಯಲ್ಲಿ ಕಲಿತದ್ದು ಹೀಗೆ: ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನಕ್ಕೆ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಚಳಿಗಾಲದಲ್ಲಿ ಇದೇ ತಲೆಕೆಳಗು. 1686ರಲ್ಲಿ ಎಡ್ಮಂಡ್ ಹ್ಯಾಲಿ ಹೇಳಿದ ವಿವರಣೆಯ ತಿರುಳು ಇದೇ, ಮತ್ತು ಅದರ ಬುಡ ಸರಿಯಾಗಿಯೇ ಇದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖದಲ್ಲಿ ಐದು ಕಿಲೋ ಒಣಮಣ್ಣನ್ನು ಬಿಸಿ ಮಾಡಬಹುದು. ಅದಕ್ಕಿಂತ ದೊಡ್ಡ ವ್ಯತ್ಯಾಸ ಆಳದ್ದು. ಇಡೀ ಬೇಸಿಗೆಯ ಬಿಸಿಲು ಮಣ್ಣಿನಲ್ಲಿ ಇಳಿಯುವುದು ಎರಡು ಮೂರು ಮೀಟರ್ ಮಾತ್ರ. ಕಡಲಿನಲ್ಲಾದರೆ ಅಲೆಯೂ ಗಾಳಿಯೂ ನೀರನ್ನು ಕಲಕುತ್ತಲೇ ಇರುವುದರಿಂದ ಅದೇ ಬಿಸಿಲು ಹತ್ತಾರು ಮೀಟರ್ ಆಳಕ್ಕೆ ಹಂಚಿಹೋಗುತ್ತದೆ. ಹಾಗಾಗಿ ನೆಲ ಕೆಲವೇ ವಾರಗಳಲ್ಲಿ ಕಾದು ಆರುತ್ತದೆ, ಕಡಲಿಗೆ ತಿಂಗಳುಗಳೇ ಬೇಕು.

ಆದರೆ ಇಷ್ಟನ್ನೇ ನಂಬಿದರೆ ಕಾಸರಗೋಡಿನ ಕ್ಯಾಲೆಂಡರಿಗೆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ 23ರ ಆಸುಪಾಸಿನಲ್ಲಿ. ನೆಲ ಅತಿ ಹೆಚ್ಚು ಕಾದಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ನೆಲದ ಬಿಸಿಯೇ ಕಾರಣವಾಗಿದ್ದರೆ ಮಾನ್ಸೂನ್ ಆಗಲೇ ಬರಬೇಕಿತ್ತು. ಮಳೆ ಹಿಡಿದ ಮೇಲೆ ನೆಲ ತಂಪಾಗುತ್ತದಲ್ಲ, ಆಗ ಗಾಳಿ ನಿಲ್ಲಬೇಕಿತ್ತು. ನಡೆಯುವುದು ಇದಕ್ಕೆ ವಿರುದ್ಧ: ಜುಲೈಯಲ್ಲಿ ನೆಲ ಮೇ ತಿಂಗಳಿಗಿಂತ ಎಷ್ಟೋ ತಂಪು, ಗಾಳಿಯ ರಭಸ ಮಾತ್ರ ಹೆಚ್ಚು. ಮಳೆ ಕೈಕೊಟ್ಟ ವರ್ಷದಲ್ಲಿ ಬಯಲುಸೀಮೆಯ ನೆಲ ಇನ್ನಷ್ಟು ಸುಡುತ್ತದೆ, ಹಾಗೆಂದು ಆ ವರ್ಷ ಮಾನ್ಸೂನ್ ಬಲಗೊಳ್ಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಮೇ ತಿಂಗಳಲ್ಲಿ ನಮ್ಮ ಕರಾವಳಿಯಿಂದ ಲಕ್ಷದ್ವೀಪದವರೆಗಿನ ಕಡಲು ತಂಪಾಗಿಯೇ ಇರುವುದಿಲ್ಲ. ಮೇಲ್ಮೈ ನೀರು 30 ಡಿಗ್ರಿ ದಾಟಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಸುಲೋಚನಾ ಗಾಡ್ಗೀಳ್ ಅವರು ಈ ಶಾಲಾಪಾಠದ ವಿವರಣೆ ಸಾಲದು ಎಂದು ವಾದಿಸಿದ್ದು ಇಂಥ ಸಂಗತಿಗಳನ್ನು ಮುಂದಿಟ್ಟೇ. ಸಮಭಾಜಕದ ಬಳಿ ವರ್ಷವಿಡೀ ಇರುವ ಮೋಡಮಳೆಯ ಪಟ್ಟಿ ಸೂರ್ಯನ ಹಿಂದೆ ಬಡಗಣಕ್ಕೆ ಸರಿದು ಭಾರತದ ನೆಲದ ಮೇಲೆ ನೆಲೆ ನಿಲ್ಲುವುದೇ ಮಾನ್ಸೂನ್ ಎಂಬ ನೋಟ ಅವರದು.

ನೆಲ ಮತ್ತು ಕಡಲಿನ ಬಿಸಿಯ ವ್ಯತ್ಯಾಸ ನೇರವಾಗಿ ಹುಟ್ಟಿಸುವುದು ದಿನದ ಕಡಲಗಾಳಿಯನ್ನು. ಏಪ್ರಿಲಿನಲ್ಲಿ ಕುಂಬಳೆಯಲ್ಲಿ ನಿಂತರೆ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಗಾಳಿ ಕಡಲಿನಿಂದ ಏಳುತ್ತದೆ, ಸಂಜೆ ಸೋಲುತ್ತದೆ, ರಾತ್ರಿ ಮೆಲ್ಲಗೆ ನೆಲದಿಂದ ಕಡಲಿಗೆ ಬೀಸುತ್ತದೆ. ಈ ಗಾಳಿಯ ದಪ್ಪ ಸುಮಾರು ಒಂದು ಕಿಲೋಮೀಟರ್. ಒಳನಾಡಿಗೆ ಕೆಲವು ಹತ್ತು ಕಿಲೋಮೀಟರ್ ಹೋಗುವುದರೊಳಗೆ ಅದರ ಕಸುವು ಮುಗಿಯುತ್ತದೆ. ನಾಲ್ಕು ಕಿಲೋಮೀಟರಿಗಿಂತ ದಪ್ಪದ ಗಾಳಿ ಇರಬೇಕು ಎಂದು ಇಲಾಖೆ ಷರತ್ತು ಹಾಕಿರುವುದರಿಂದ ಇಂಥ ಕಡಲಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಮಾನ್ಸೂನ್ ಗಾಳಿ ಹೊರಡುವ ಜಾಗವೂ ನಮ್ಮೆದುರಿನ ಕಡಲಲ್ಲ.

ಅದು ಹೊರಡುವುದು ಸಮಭಾಜಕದ ಆಚೆಯಿಂದ. ನಮಗೆ ಬೇಸಿಗೆ ಮುಗಿಯುವಾಗ ತೆಂಕಣ ಗೋಳಾರ್ಧದಲ್ಲಿ ಚಳಿಗಾಲ. ಮಡಗಾಸ್ಕರಿನ ಆಗ್ನೇಯಕ್ಕೆ, ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ತಂಪು ಗಾಳಿ ಇಳಿದು ಕೂಡುವ ದೊಡ್ಡದೊಂದು ಹೆಚ್ಚೊತ್ತಡದ ಪ್ರದೇಶವಿದೆ. ಮಸ್ಕರೇನ್ ದ್ವೀಪಗಳ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಜುಲೈಯಲ್ಲಿ ಅಲ್ಲಿನ ಒತ್ತಡ 1020 ಮಿಲಿಬಾರನ್ನು ದಾಟುತ್ತದೆ. ಇತ್ತ ರಾಜಸ್ಥಾನ, ಸಿಂಧ್ ಮರಳುಗಾಡಿನ ಮೇಲೆ ಅದು 1000ಕ್ಕಿಂತ ಕೆಳಗೆ ಇಳಿದಿರುತ್ತದೆ. ನಡುವಿನ ದೂರ 6000 ಕಿಲೋಮೀಟರಿಗೂ ಹೆಚ್ಚು. ಇಳಿಜಾರು ಸಣ್ಣದೇ, ಆದರೆ ಅದು ತಿಂಗಳುಗಟ್ಟಲೆ ಹಗಲು ರಾತ್ರಿಯೆನ್ನದೆ ಇರುತ್ತದೆ. ಕಡಲಗಾಳಿಯ ಹಾಗೆ ಸಂಜೆಗೆ ಅಳಿಸಿಹೋಗುವುದಿಲ್ಲ.

ಹೆಚ್ಚೊತ್ತಡದಿಂದ ಕಡಿಮೆ ಒತ್ತಡಕ್ಕೆ ಗಾಳಿ ನೇರವಾಗಿ ಹರಿದಿದ್ದರೆ ನಮಗೆ ಬರಬೇಕಾದದ್ದು ತೆಂಕಣ ಗಾಳಿ. ಪಡುವಣ, ನೈಋತ್ಯದಿಂದ ಬರುವುದು ಏಕೆ? ಭೂಮಿ ಪಡುವಣದಿಂದ ಮೂಡಣಕ್ಕೆ ತಿರುಗುತ್ತಿದೆ. ಸಮಭಾಜಕದಲ್ಲಿ ನೆಲದ ವೇಗ ಗಂಟೆಗೆ ಸುಮಾರು 1670 ಕಿಲೋಮೀಟರ್, 30 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 1450. ತೆಂಕಣದಿಂದ ಹೊರಟ ಗಾಳಿ ತನಗಿಂತ ಬೇಗ ತಿರುಗುವ ಸಮಭಾಜಕದ ಕಡೆಗೆ ಬರುವಾಗ ಹಿಂದೆ ಬೀಳುತ್ತದೆ, ಹಾಗಾಗಿ ಪಡುವಣಕ್ಕೆ ವಾಲುತ್ತದೆ. ಸಮಭಾಜಕ ದಾಟಿ ನಮ್ಮ ಕಡೆ ಬರತೊಡಗಿದಾಗ ಕೆಳಗಿನ ನೆಲ ನಿಧಾನವಾಗುತ್ತಾ ಹೋಗುತ್ತದೆ. ಆಗ ಅದೇ ಗಾಳಿ ಮುಂದೆ ಓಡಿ ಮೂಡಣಕ್ಕೆ ವಾಲುತ್ತದೆ. ತೆಂಕಣ ಗೋಳಾರ್ಧದ ಆಗ್ನೇಯ ಗಾಳಿ ನಮ್ಮಲ್ಲಿ ನೈಋತ್ಯ ಗಾಳಿಯಾಗುವುದು ಹೀಗೆ. ತಿರುಗುವ ಭೂಮಿಯ ಪಾತ್ರವನ್ನು 1735ರಲ್ಲಿ ಮುಂದಿಟ್ಟವರು ಜಾರ್ಜ್ ಹ್ಯಾಡ್ಲಿ. ಹ್ಯಾಲಿಯ ವಿವರಣೆಯಲ್ಲಿ ಬಿಟ್ಟುಹೋಗಿದ್ದ ಕೊಂಡಿ ಇದು.

ಈ ದಾಟುವಿಕೆಗೆ ಆಫ್ರಿಕದ ಮೂಡಣ ಕರೆಯ ಎತ್ತರದ ನೆಲವೂ ನೆರವಾಗುತ್ತದೆ. ಕೀನ್ಯ, ಇಥಿಯೋಪಿಯದ ಬೆಟ್ಟಗಳು ಗಾಳಿಯನ್ನು ಪಡುವಣಕ್ಕೆ ಹರಡಲು ಬಿಡುವುದಿಲ್ಲ. ಗೋಡೆಗೆ ಒತ್ತಿಕೊಂಡು ಹರಿಯುವ ನೀರಿನಂತೆ ಅದು ಕಿರಿದಾದ ಬಿರುಸಿನ ಧಾರೆಯಾಗುತ್ತದೆ. ಸೊಮಾಲಿಯ ಕರಾವಳಿಯ ಬಳಿ ಅದರ ನಡುಮಧ್ಯ ಇರುವುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. 1969ರಲ್ಲಿ ಇದನ್ನು ವಿವರವಾಗಿ ತೋರಿಸಿದ ಫಿಂಡ್‌ಲೇಟರ್ ಅವರ ಹೆಸರು ಅದಕ್ಕೆ ಉಳಿದಿದೆ. ಆ ಧಾರೆ ಅರಬ್ಬೀ ಕಡಲನ್ನು ದಾಟುತ್ತಾ ಆವಿ ತುಂಬಿಕೊಂಡು ನಮ್ಮ ದಡ ಮುಟ್ಟುತ್ತದೆ. ಇಲಾಖೆ ಕಡಲಿನ ಮೇಲೆ ಹುಡುಕುವ 15-20 ನಾಟ್ ಗಾಳಿ ಎಂದರೆ ಈ ಧಾರೆಯ ನಮ್ಮ ಕಡೆಯ ತುದಿ.

ಇನ್ನು ಮೋಡದ ಷರತ್ತು. ಮೋಡವಿಲ್ಲದ ಬಿಸಿ ಕಡಲು ಆಕಾಶಕ್ಕೆ ಕಳುಹಿಸುವ ಶಾಖ ಚದರ ಮೀಟರಿಗೆ 200 ವಾಟ್‌ಗಿಂತ ಬಹಳ ಹೆಚ್ಚು. ಅದು 200ಕ್ಕೆ ಇಳಿಯಬೇಕಾದರೆ ಉಪಗ್ರಹಕ್ಕೆ ಕಾಣುವ ಮೇಲ್ಮೈ ಮೈನಸ್ 29 ಡಿಗ್ರಿಯಷ್ಟು ತಣ್ಣಗಿರಬೇಕು. ಕಡಲಿನ ಮೇಲೆ ಅಷ್ಟು ತಣ್ಣನೆಯದು ಎಂದರೆ ಎಂಟೊಂಬತ್ತು ಕಿಲೋಮೀಟರ್ ಎತ್ತರಕ್ಕೆ ಬೆಳೆದ ಮೋಡದ ನೆತ್ತಿ ಮಾತ್ರ. ತೆಳು ಮೋಡ, ಕುಳ್ಳ ಮೋಡಗಳಿಂದ ಈ ಅಂಕಿ ಬರುವುದಿಲ್ಲ. ಎತ್ತರದ ಮೋಡಕ್ಕೆ ಇಷ್ಟು ಬೆಲೆ ಕೊಡಲು ಕಾರಣವಿದೆ. ನೆಲ ತಂಪಾದ ಮೇಲೂ ಮಾನ್ಸೂನ್ ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಮೋಡದೊಳಗೇ ಇದೆ.

ಒಂದು ಲೆಕ್ಕ ಹಾಕೋಣ. ಕೂಡ್ಲಿನಲ್ಲಿ ಒಂದು ದಿನ 100 ಮಿಲಿಮೀಟರ್ ಮಳೆ ಬಿತ್ತು ಎನ್ನಿ. ಜುಲೈಯಲ್ಲಿ ಅದೇನೂ ಅಪರೂಪವಲ್ಲ. ಒಂದು ಚದರ ಮೀಟರ್ ಅಂಗಳದಲ್ಲಿ ಬಿದ್ದ ನೀರು 100 ಲೀಟರ್, ಅಂದರೆ 100 ಕಿಲೋ. ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖವನ್ನು ಹೀರಿಕೊಂಡಿರುತ್ತದೆ. ಆವಿ ಮತ್ತೆ ಹನಿಯಾಗುವಾಗ ಅಷ್ಟನ್ನೂ ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ. 100 ಕಿಲೋಗೆ 25 ಕೋಟಿ ಜೂಲ್, ಕರೆಂಟಿನ ಲೆಕ್ಕದಲ್ಲಿ ಸುಮಾರು 70 ಯೂನಿಟ್. ಮೋಡವಿಲ್ಲದ ಬೇಸಿಗೆಯ ದಿನ ಅದೇ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಹೆಚ್ಚೆಂದರೆ ಎರಡೂವರೆ ಕೋಟಿ ಜೂಲ್. ಒಂದು ದಿನದ ಮಳೆಯ ಮೇಲಿನ ಗಾಳಿಗೆ ಸಿಕ್ಕಿದ್ದು ಹತ್ತು ದಿನದ ಬಿಸಿಲಿನ ಶಾಖ ಎಂದಾಯಿತು. ಅದು ಸಿಕ್ಕಿದ್ದೂ ನೆಲದ ಬಳಿ ಅಲ್ಲ, ಕೆಲವು ಕಿಲೋಮೀಟರ್ ಎತ್ತರದಲ್ಲಿ.

ಈ ಶಾಖ ನಮ್ಮ ಊರಿನದಲ್ಲ. ಸಾವಿರಾರು ಕಿಲೋಮೀಟರ್ ಕಡಲಿನ ಮೇಲೆ ದಿನಗಟ್ಟಲೆ ಬಿದ್ದ ಬಿಸಿಲನ್ನು ಗಾಳಿ ಆವಿಯ ರೂಪದಲ್ಲಿ ಹೊತ್ತು ತಂದು ಒಂದು ಕಡೆ ಸುರಿಯುತ್ತಿದೆ. ಮೇಲಿನ ಗಾಳಿ ಬಿಸಿಯಾದಷ್ಟೂ ಅದು ಹಿಗ್ಗಿ ಮೇಲುಗಡೆಯಲ್ಲಿ ಹೊರಗೆ ಹರಿಯುತ್ತದೆ, ಕೆಳಗಿನ ಒತ್ತಡ ಇನ್ನಷ್ಟು ಇಳಿಯುತ್ತದೆ, ಮತ್ತಷ್ಟು ಆವಿಗಾಳಿ ಒಳಗೆ ಬರುತ್ತದೆ. ಕಾದ ನೆಲ ಈ ಯಂತ್ರವನ್ನು ಶುರುಮಾಡುತ್ತದೆ. ಶುರುವಾದ ಮೇಲೆ ಅದನ್ನು ಓಡಿಸುವುದು ಆವಿಯ ಶಾಖ. ಆದ್ದರಿಂದಲೇ ಮೇ ತಿಂಗಳ ಒಣ ಬಿಸಿ ಎಷ್ಟೇ ಇದ್ದರೂ ಅದೊಂದರಿಂದಲೇ ಮಾನ್ಸೂನ್ ಆಗುವುದಿಲ್ಲ. ರಾಜಸ್ಥಾನದ ಮರಳಿನ ಮೇಲಿನ ಬಿಸಿಗಾಳಿ ಕೆಲವು ಕಿಲೋಮೀಟರ್ ಏರಿ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಅದರಲ್ಲಿ ಹನಿಯಾಗಬಲ್ಲ ಆವಿ ಸಾಲದು.

ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬಂದರೂ ಜೂನ್‌ವರೆಗೆ ಕಾಯಬೇಕಾದದ್ದು ಏಕೆ ಎಂಬುದು ಈಗ ಹೇಳಲು ಸುಲಭ. ಬೇಕಾದದ್ದು ನೆಲದ ಕಾವು ಮಾತ್ರವಲ್ಲ. ನೆಲದ ಮೇಲೆ ಹತ್ತು ಹನ್ನೆರಡು ಕಿಲೋಮೀಟರಿನವರೆಗಿನ ಇಡೀ ಗಾಳಿಯ ಕಂಬ ಸಮಭಾಜಕದ ಮೇಲಿನ ಕಂಬಕ್ಕಿಂತ ಬಿಸಿಯಾಗಬೇಕು. ವರ್ಷದ ಉಳಿದ ಕಾಲದಲ್ಲಿ ಸಮಭಾಜಕದ ಕಡೆಯೇ ಬಿಸಿ, ಬಡಗಣ ತಂಪು. ಮೇ ಕೊನೆ, ಜೂನ್ ಆರಂಭದ ಹೊತ್ತಿಗೆ ಇದು ತಲೆಕೆಳಗಾಗುತ್ತದೆ. ಆಗ ಹಿಮಾಲಯದ ತೆಂಕಣ ಅಂಚಿನ ಮೇಲೆ ಬೀಸುತ್ತಿದ್ದ ಚಳಿಗಾಲದ ಬಿರುಸಿನ ಪಡುಗಾಳಿ ಬಡಗಣಕ್ಕೆ ಸರಿಯುತ್ತದೆ, ನಮ್ಮ ಮೇಲೆ ಬಹಳ ಎತ್ತರದಲ್ಲಿ ಮೂಡಣ ಗಾಳಿ ಹುಟ್ಟುತ್ತದೆ. 14ರಿಂದ 16 ಕಿಲೋಮೀಟರ್ ಎತ್ತರದ ಈ ಬಿರುಗಾಳಿಯನ್ನು 1958ರಲ್ಲಿ ಗುರುತಿಸಿ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯವರೇ ಆದ ಪಿ. ಕೋಟೇಶ್ವರಂ. ಜುಲೈಯಲ್ಲಿ ಮಳೆ ಸ್ವಲ್ಪ ಹೊಳವಾದಾಗ ತಲೆ ಎತ್ತಿ ನೋಡಿದರೆ ಕೆಳಗಿನ ಕಪ್ಪು ಮೋಡ ಪಡುವಣದಿಂದ ಮೂಡಣಕ್ಕೂ, ಅದರ ಸಂದಿನಲ್ಲಿ ಕಾಣುವ ನೂಲಿನಂಥ ಬಿಳಿ ಮೋಡ ಮೂಡಣದಿಂದ ಪಡುವಣಕ್ಕೂ ಸಾಗುವುದು ಕಾಣಸಿಗುತ್ತದೆ. ಒಂದೇ ಚಕ್ರದ ಕೆಳ ಅಂಚು ಮತ್ತು ಮೇಲ್ ಅಂಚು ಅವು.

ಇಲ್ಲಿ ಟಿಬೆಟಿನ ಮಾತು ಬರುತ್ತದೆ. ಸರಾಸರಿ 4500 ಮೀಟರಿಗೂ ಎತ್ತರದ ಆ ನೆಲ ನೇರವಾಗಿ ನಡು ಎತ್ತರದ ಗಾಳಿಯನ್ನೇ ಕಾಯಿಸುವ ಒಲೆ, ಅದೇ ನಮ್ಮ ಮಾನ್ಸೂನಿನ ಮೂಲ ಎಂದು ಬಹುಕಾಲ ಹೇಳುತ್ತಿದ್ದರು. 2010ರಲ್ಲಿ ಬೂಸ್ ಮತ್ತು ಕ್ವಾಂಗ್ ಎಂಬಿಬ್ಬರು ಗಣಕದ ಮಾದರಿಯಲ್ಲಿ ಟಿಬೆಟನ್ನು ಚಪ್ಪಟೆ ಮಾಡಿ, ಹಿಮಾಲಯದ ಕಿರಿದಾದ ಗೋಡೆಯನ್ನು ಮಾತ್ರ ಉಳಿಸಿ ನೋಡಿದರು. ಭಾರತದ ಮಾನ್ಸೂನ್ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಬಡಗಣದ ಒಣ, ತಂಪು ಗಾಳಿ ನಮ್ಮ ಆವಿಗಾಳಿಯೊಂದಿಗೆ ಬೆರೆಯದಂತೆ ತಡೆಯುವ ಗೋಡೆಯ ಕೆಲಸ, ಒಲೆಯ ಕೆಲಸಕ್ಕಿಂತ ಮುಖ್ಯವೆಂದು ಇದು ತೋರಿಸಿತು. ಪಠ್ಯಪುಸ್ತಕಗಳಲ್ಲಿ ಈ ತಿದ್ದುಪಡಿ ಬೇಗ ಬರಬೇಕು.

ಗಾಳಿ ತಿರುಗಿದ ಮಾತ್ರಕ್ಕೆ ಎಲ್ಲರಿಗೂ ಒಂದೇ ಮಳೆಯಲ್ಲ. ದಡ ಮುಟ್ಟಿದ ಆವಿಗಾಳಿಯನ್ನು ಪಶ್ಚಿಮಘಟ್ಟ ಎತ್ತಿ ಹಿಡಿಯುವುದರಿಂದ ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಘಟ್ಟ ಇಳಿದ ಮೇಲೆ ಮೈಸೂರಿಗೆ ಸಿಗುವುದು ಸುಮಾರು 800.

ಅಂಗಳದಲ್ಲಿ ನಿಂತವರಿಗೆ ಇಲಾಖೆಯ ಉಪಗ್ರಹವಿಲ್ಲ, ಆದರೂ ಬೇಸಿಗೆ ಮಳೆ ಯಾವುದು, ಮಳೆಗಾಲದ ಮಳೆ ಯಾವುದು ಎಂದು ಗುರುತಿಸಲು ದಾರಿಯಿದೆ. ಎಲ್ಲಕ್ಕಿಂತ ನಂಬಬಹುದಾದ ಗುರುತು ರಾತ್ರಿಯ ಗಾಳಿ. ನೆಲಗಾಳಿ ಬೀಸಬೇಕಾದ ನಡುರಾತ್ರಿ, ಬೆಳಗಿನ ಜಾವದಲ್ಲೂ ಗಾಳಿ ಪಡುವಣದಿಂದಲೇ ಬರುತ್ತಿದ್ದು, ಅದು ಎರಡು ಮೂರು ರಾತ್ರಿ ಹಾಗೆಯೇ ಉಳಿದರೆ ಅದು ಕಡಲಗಾಳಿಯಲ್ಲ. ಮೋಡ ಬರುವ ದಿಕ್ಕನ್ನೂ ನೋಡಬೇಕು. ಬದಿಯಡ್ಕ, ಪೆರ್ಲ, ಅಡೂರಿನ ಕಡೆ ಮೇ ತಿಂಗಳ ಸಂಜೆ ಘಟ್ಟದ ಮೇಲೆ ಮೋಡ ಕಟ್ಟಿ, ಮೂಡಣದಿಂದ ಗುಡುಗು ಮಿಂಚಿನೊಡನೆ ಇಳಿದು, ಒಂದೆರಡು ಗಂಟೆ ಸುರಿದು ಹೋಗುವುದು ಬೇಸಿಗೆ ಮಳೆ. ಮಳೆಗಾಲದ ಮೋಡ ಕಡಲಿನಿಂದ ತಗ್ಗಿನಲ್ಲಿ ಬರುತ್ತದೆ, ಗುಡುಗು ಕಡಿಮೆ, ಹೊತ್ತು ಗೊತ್ತಿಲ್ಲ.

ಈ ಗುರುತುಗಳೂ ತಪ್ಪುವುದುಂಟು. 2025ರಲ್ಲಿ ಕೊಂಕಣದ ತೆಂಕಣ ಕರಾವಳಿಯ ಎದುರು ಕಡಲಿನಲ್ಲಿ ವಾಯುಭಾರ ಕುಸಿತವಾಗಿ ಮೇ 24ರಂದು ದಡ ಸೇರಿತು. ಅದು ಪಡುಗಾಳಿಯನ್ನು ಜೋರಾಗಿ ಎಳೆದು ಷರತ್ತುಗಳೆಲ್ಲ ಬೇಗ ಕೂಡುವಂತೆ ಮಾಡಿತು. ಸುಳಿ ಕರಗಿದ ಮೇಲೆ ಸಾವಿರಾರು ಕಿಲೋಮೀಟರಿನ ದೊಡ್ಡ ಚಕ್ರಕ್ಕೆ ಮುಂದೆ ಸಾಗುವಷ್ಟು ಬಲ ಇನ್ನೂ ಇರಲಿಲ್ಲ. 2023ರಲ್ಲಿ ಆದದ್ದು ಬೇರೆ: ಜೂನ್ ಮೊದಲ ವಾರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ಆವಿಗಾಳಿಯನ್ನು ಕಡಲಿನ ನಡುವಿಗೇ ಸೆಳೆದುಕೊಂಡಿತು. ಆ ಜೂನ್‌ನಲ್ಲಿ ಕೇರಳಕ್ಕೆ ಸಿಕ್ಕಿದ್ದು ಮಾಮೂಲಿಗಿಂತ ಬಹಳ ಕಡಿಮೆ ಮಳೆ. ಅದೇ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆಗ ಗಾಳಿಯ ದಿಕ್ಕೇನೂ ಬದಲಾಗಿರಲಿಲ್ಲ, ಮಳೆಯ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದಿತ್ತು.

ಆದ್ದರಿಂದ ತೋಟದವರು ಘೋಷಣೆಯ ದಿನವನ್ನು ಕಾಯುವುದು ಸರಿಯಲ್ಲ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮಳೆಗೆ ಮೊದಲೇ ಗೊನೆಯ ಮೇಲೆ ಒಣಗಿ ಕೂತಿರಬೇಕು. ಮೇ 20ರ ಸುಮಾರಿಗೆ ಅರಬ್ಬೀ ಕಡಲಿನಲ್ಲಿ ಸುಳಿ ಏಳುವ ಸುದ್ದಿ ಬಂದರೆ, ಪತ್ತನಾಜೆಗೆ ಕಾಯದೆ ಮದ್ದು ಬಿಡುವುದು ಲೇಸು. ಎರಡನೇ ಸಲದ್ದು 40-45 ದಿನಕ್ಕೆ ಬರುತ್ತದೆ. ಆಗ ಮಳೆ ಹೊಳವಾಗುವ ಎರಡು ದಿನ ಸಿಗುವುದು ಮಳೆಪಟ್ಟಿ ಬಡಗಣಕ್ಕೆ ಸರಿದಾಗ.

ಸೆಪ್ಟೆಂಬರ್ ಕಳೆದಂತೆ ಚಕ್ರ ಬಿಚ್ಚಿಕೊಳ್ಳುತ್ತದೆ. ಏಷ್ಯಾದ ನೆಲ ಆರುತ್ತದೆ, ಸೈಬೀರಿಯದ ಮೇಲೆ ಹೆಚ್ಚೊತ್ತಡ ಕಟ್ಟುತ್ತದೆ, ಗಾಳಿ ಈಶಾನ್ಯದಿಂದ ಹೊರಡುತ್ತದೆ. ನಡುವಿನ ಅಕ್ಟೋಬರಿನಲ್ಲಿ ಯಾವ ಗಾಳಿಗೂ ಪೂರ್ತಿ ಹಿಡಿತವಿಲ್ಲ. ನಮ್ಮ ಮಲೆಯಾಳಿ ನೆರೆಯವರು ತುಲಾವರ್ಷ ಎನ್ನುವ ಮಧ್ಯಾಹ್ನದ ಗುಡುಗುಮಳೆ ಆಗಿನದು, ಮೇ ತಿಂಗಳ ಹಾಗೆಯೇ ಮೂಡಣದಿಂದ ಬರುತ್ತದೆ. ಈಶಾನ್ಯ ಗಾಳಿ ಬಂಗಾಳ ಕೊಲ್ಲಿಯ ಆವಿಯನ್ನು ತಮಿಳುನಾಡಿನಲ್ಲಿ ಇಳಿಸಿ, ಘಟ್ಟ ದಾಟಿ ಇಳಿಯುವಾಗ ಇನ್ನಷ್ಟು ಒಣಗಿ ನಮ್ಮಲ್ಲಿಗೆ ಬರುತ್ತದೆ. ಚಾಲಿ ಅಡಿಕೆ ಅಂಗಳದಲ್ಲಿ ಸುಮಾರು 40 ದಿನ ಒಣಗಬೇಕಲ್ಲ, ಅದು ಆಗುವುದು ಈ ಗಾಳಿ ನೆಲೆ ನಿಂತ ಮೇಲೆ. ನವೆಂಬರಿನಲ್ಲಿ ಅಂಗಳಕ್ಕೆ ಹರವಿದ ಮೊದಲ ಕೊಯ್ಲಿನ ಅಡಿಕೆ ಕೆಲವು ವರ್ಷ ಒದ್ದೆಯಾಗಿ ಬೂಸ್ಟು ಹಿಡಿಯುವುದು, ಗಾಳಿ ಇನ್ನೂ ಪೂರ್ತಿ ತಿರುಗಿರದ ಕಾರಣ.